ನೈಟ್‌ಗೆ ಎಂಟು ಜನ ಇದ್ದರು: ಒಂದು ಐಸಿಯು ರೋಸ್ಟರ್‌ನ ಪ್ರಕರಣ ಅಧ್ಯಯನ

ಬೆಳಗಿನ ಜಾವ ನಾಲ್ಕು ಗಂಟೆ ಹತ್ತು ನಿಮಿಷ. ಏಳನೇ ಬೆಡ್‌ನ ಸಿರಿಂಜ್ ಪಂಪ್ ಕೂಗತೊಡಗಿತು. ನಾರ್‌ಅಡ್ರಿನಲಿನ್ ಮುಗಿಯುತ್ತಾ ಬಂದಿತ್ತು. ಆ ರೋಗಿಯ ಬಿಪಿ ನಿಂತಿದ್ದೇ ಆ ಔಷಧಿಯ ಮೇಲೆ. ಬೆಡ್ ನೋಡಿಕೊಳ್ಳುತ್ತಿದ್ದ ಹುಡುಗಿ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಹೊಸ ಸಿರಿಂಜ್ ಮೊದಲೇ ತುಂಬಿ, ಲೇಬಲ್ ಹಚ್ಚಿ ಇಟ್ಟುಕೊಂಡಿದ್ದಳು. ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿ ಸ್ಟಾರ್ಟ್ ಒತ್ತಿದಳು. ಪಂಪ್ ಓಡುತ್ತಿದೆ ಎಂದು ತೋರಿಸುತ್ತಿತ್ತು. ಆದರೆ ಮಾನಿಟರ್‌ನಲ್ಲಿ ಮೀನ್ ಪ್ರೆಶರ್, ಅಂದರೆ ಸರಾಸರಿ ಬಿಪಿ, 68ರಿಂದ 55ಕ್ಕೆ, ಆಮೇಲೆ 41ಕ್ಕೆ ಇಳಿಯಿತು.

ಈ ಕೆಲಸ ಗೊತ್ತಿರುವವರಿಗೆ ಕಾರಣ ತಕ್ಷಣ ಹೊಳೆಯುತ್ತದೆ. ಹೊಸ ಸಿರಿಂಜ್ ಕೂರಿಸಿದಾಗ ಪಂಪ್‌ನ ತಳ್ಳುವ ಭಾಗಕ್ಕೂ ಸಿರಿಂಜ್‌ನ ಹಿಡಿಗೂ ನಡುವೆ ಕೂದಲೆಳೆಯಷ್ಟು ಸಡಿಲ ಉಳಿಯುತ್ತದೆ. ಗಂಟೆಗೆ ನಾಲ್ಕೈದು ಎಂಎಲ್ ವೇಗದಲ್ಲಿ ಆ ಸಡಿಲ ತುಂಬಲು ನಿಮಿಷಗಳೇ ಬೇಕು. ಅಷ್ಟು ಹೊತ್ತು ರೋಗಿಗೆ ಔಷಧಿ ಹೋಗುವುದೇ ಇಲ್ಲ. ಅದಕ್ಕೇ ಅನುಭವ ಇರುವವರು ಹಳೆಯದು ಮುಗಿಯುವ ಮುಂಚೆಯೇ ಎರಡನೇ ಪಂಪ್‌ನಲ್ಲಿ ಹೊಸದನ್ನು ಓಡಿಸಿ, ಬಿಪಿ ನೋಡಿಕೊಂಡು ಹಳೆಯದನ್ನು ನಿಧಾನವಾಗಿ ನಿಲ್ಲಿಸುತ್ತಾರೆ. ಈ ಹುಡುಗಿ ಅದನ್ನು ಹಗಲಿನಲ್ಲಿ ಸೀನಿಯರ್ ಸಿಸ್ಟರ್ ಮಾಡುವಾಗ ಒಮ್ಮೆ ನೋಡಿದ್ದಳು, ಅಷ್ಟೇ. ಆ ರಾತ್ರಿ ಅದನ್ನು ಹೇಳಿಕೊಡಬಲ್ಲ ಒಬ್ಬರೇ ಸಿಸ್ಟರ್ ಮೂರನೇ ಬೆಡ್‌ನಲ್ಲಿ ಡಾಕ್ಟರ್ ಜೊತೆ ಉಸಿರಾಟದ ಟ್ಯೂಬ್ ಹಾಕಿಸುತ್ತಿದ್ದರು. ಅವರಿಗದು ಸತತ ಏಳನೇ ನೈಟ್.

ಕೂಗು ಕೇಳಿ ಪಕ್ಕದ ಬೆಡ್ ನೋಡಿಕೊಳ್ಳುತ್ತಿದ್ದವಳು ಓಡಿ ಬಂದಳು, ಡಾಕ್ಟರೂ ಬಂದರು, ಬಿಪಿ ಮೇಲೆ ಬಂತು. ಕೆಲವು ದಿನಗಳ ನಂತರ ಆ ರೋಗಿ ವಾರ್ಡ್‌ಗೆ ಹೋದರು. ಬೆಳಿಗ್ಗೆ ಓವರ್ ತೆಗೆದುಕೊಳ್ಳುವಾಗ, ಅಂದರೆ ನೈಟ್‌ನವರಿಂದ ರೋಗಿಗಳ ವಿವರ ಕೇಳಿ ಡ್ಯೂಟಿ ವಹಿಸಿಕೊಳ್ಳುವಾಗ, ಆ ಹುಡುಗಿ ಅಳುತ್ತಿದ್ದಳು. ಆ ಐಸಿಯುನ ಇನ್‌ಚಾರ್ಜ್ ನಾನು. ರೋಸ್ಟರ್ ಬರೆದಿದ್ದೂ ನಾನೇ. ಯಾವ ಆಸ್ಪತ್ರೆ ಅಂತ ಇಲ್ಲಿ ಬರೆಯುವುದಿಲ್ಲ. ಆದರೆ ಆ ರಾತ್ರಿಗೆ ಕಾರಣವಾದ ರೋಸ್ಟರ್ ಹೇಗಿತ್ತು, ಅದನ್ನು ಹೇಗೆ ಬಿಚ್ಚಿ ಮತ್ತೆ ಕಟ್ಟಿದೆವು ಎಂಬುದನ್ನು ಪೂರ್ತಿ ಹೇಳುತ್ತೇನೆ.

ರಾತ್ರಿಯ ಹಾಳೆ

ಹಾಳೆಯ ಮೇಲೆ ಆ ರಾತ್ರಿ ಏನೂ ಕಡಿಮೆ ಇರಲಿಲ್ಲ. ನಮ್ಮದು ಹತ್ತು ಬೆಡ್‌ನ ಐಸಿಯು. ಸಾಮಾನ್ಯವಾಗಿ ನಾಲ್ಕು ರೋಗಿಗಳು ವೆಂಟಿಲೇಟರ್‌ನಲ್ಲಿ ಇರುತ್ತಾರೆ, ಅವರಲ್ಲಿ ಒಬ್ಬೊಬ್ಬರಿಗೂ ಒಬ್ಬ ನರ್ಸ್. ಉಳಿದ ಆರು ಬೆಡ್‌ಗೆ ಇಬ್ಬರು ರೋಗಿಗಳಿಗೆ ಒಬ್ಬರಂತೆ ಮೂವರು. ಮೇಲೊಬ್ಬರು ಶಿಫ್ಟ್ ನೋಡಿಕೊಳ್ಳುವವರು. ಒಟ್ಟು ಎಂಟು. ಆ ರಾತ್ರಿಯೂ ಎಂಟು ಜನ ಇದ್ದರು.

ಅದೇ ಹಾಳೆಯಲ್ಲಿ ಹೆಸರುಗಳ ಪಕ್ಕ ದರ್ಜೆ ಬರೆದು ನೋಡಿದೆ. ನಮ್ಮಲ್ಲಿ ಮೂರು ದರ್ಜೆ ಇದೆ ಎಂದಿಟ್ಟುಕೊಳ್ಳಿ. ಎ ದರ್ಜೆಯವರು ಎಂಥ ರೋಗಿಯನ್ನಾದರೂ ನೋಡಬಲ್ಲರು, ಡಾಕ್ಟರ್ ಬರುವವರೆಗೆ ಸಿಪಿಆರ್ ಮುನ್ನಡೆಸಬಲ್ಲರು, ಶಿಫ್ಟ್ ನಡೆಸಬಲ್ಲರು. ಬಿ ದರ್ಜೆಯವರು ವೆಂಟಿಲೇಟರ್ ರೋಗಿ ಸ್ಥಿರವಾಗಿದ್ದರೆ ಒಬ್ಬರೇ ನೋಡಬಲ್ಲರು. ಸಿ ದರ್ಜೆಯವರು ಇನ್ನೂ ಕಲಿಯುತ್ತಿರುವವರು, ಪಕ್ಕದಲ್ಲಿ ಕೇಳಲು ಒಬ್ಬರು ಬೇಕು. ನಾನು ಬರೆದಾಗ ಆ ರಾತ್ರಿಗೆ ಇಬ್ಬರು ಎ, ಮೂವರು ಬಿ, ಮೂವರು ಸಿ ಇದ್ದರು. ಆಮೇಲೆ ಒಬ್ಬ ಎ ಸಿಸ್ಟರ್ ತಂಗಿಯ ಮದುವೆಗೆ ಹೋಗಬೇಕಿತ್ತು. ರಜೆ ಸಿಗಲಿಲ್ಲ ಎಂದು ಒಬ್ಬ ಸಿ ಹುಡುಗಿಯ ಜೊತೆ ಡ್ಯೂಟಿ ಅದಲುಬದಲು ಮಾಡಿಕೊಂಡರು. ನಾನೇ ಸಹಿ ಹಾಕಿದ್ದೆ. ಒಬ್ಬರ ಬದಲು ಒಬ್ಬರು ಬರುತ್ತಾರಲ್ಲ ಎಂದುಕೊಂಡೆ. ಅಲ್ಲಿಗೆ ಒಬ್ಬ ಎ, ಮೂವರು ಬಿ, ನಾಲ್ವರು ಸಿ. ತಲೆ ಎಣಿಸಿದರೆ ಎಂಟೇ.

ಆ ಒಂದು ಸಹಿಯನ್ನು ತಪ್ಪೆಂದು ಹೇಳಿ ಮುಗಿಸಬಹುದಿತ್ತು. ಆದರೆ ಆ ಸಿಸ್ಟರ್‌ಗೆ ತಂಗಿಯ ಮದುವೆಗೆ ರಜೆ ಯಾಕೆ ಸಿಗಲಿಲ್ಲ? ಅಲ್ಲಿಂದ ಹುಡುಕಲು ಕೂತೆ.

ಗಂಟೆಗಳ ಲೆಕ್ಕ

ಮಾರ್ನಿಂಗ್ ಎಂಟರಿಂದ ಎರಡು, ಈವ್ನಿಂಗ್ ಎರಡರಿಂದ ಎಂಟು, ನೈಟ್ ಎಂಟರಿಂದ ಬೆಳಿಗ್ಗೆ ಎಂಟು. ಆರು, ಆರು, ಹನ್ನೆರಡು ಗಂಟೆ. ಪ್ರತಿ ಶಿಫ್ಟ್‌ಗೆ ಎಂಟು ಜನ ಅಂದರೆ ದಿನಕ್ಕೆ 192 ನರ್ಸ್ ಗಂಟೆಗಳು. 28 ದಿನಕ್ಕೆ 5,376. ಒಬ್ಬರು ವಾರಕ್ಕೆ 48 ಗಂಟೆ ದುಡಿದರೆ 28 ದಿನಕ್ಕೆ 192 ಗಂಟೆ. ಭಾಗಿಸಿದರೆ 28 ಜನ. ನಮ್ಮ ಪಟ್ಟಿಯಲ್ಲಿ 30 ಜನ ಇದ್ದರು. ಇಬ್ಬರು 26 ವಾರಗಳ ಹೆರಿಗೆ ರಜೆಯಲ್ಲಿದ್ದರು. ಕೈಯಲ್ಲಿದ್ದವರು ಸರಿಯಾಗಿ 28. ಹಾಗಾಗಿ ಆಡಳಿತದವರು "ಜನ ಸಾಕಷ್ಟಿದ್ದಾರೆ ಸಿಸ್ಟರ್" ಎಂದಾಗಲೆಲ್ಲ ನನಗೂ ಹೌದೇನೋ ಅನ್ನಿಸುತ್ತಿತ್ತು.

ಆ 28ರಲ್ಲಿ ಒಂದು ದಿನದ ರಜೆಯೂ ಸೇರಿಲ್ಲ. ನಮ್ಮಲ್ಲಿ ಒಬ್ಬರಿಗೆ ವರ್ಷಕ್ಕೆ ಇಎಲ್ 15, ಸಿಎಲ್ 12, ಕಾಯಿಲೆ ರಜೆ 12, ಒಟ್ಟು 39 ದಿನ. ವಾರದ ಆಫ್ ಕಳೆದರೆ ವರ್ಷಕ್ಕೆ ಸುಮಾರು 313 ಡ್ಯೂಟಿ. ಅಂದರೆ ಎಂಟರಲ್ಲಿ ಒಂದು ಪಾಲು ರಜೆ. 28 ಜನರಲ್ಲಿ ದಿನಕ್ಕೆ ಸರಾಸರಿ ಮೂವರು ರಜೆಯಲ್ಲಿ ಇರಲೇಬೇಕು. ಆ ಜಾಗ ಹೇಗೆ ತುಂಬುತ್ತಿತ್ತು? ಡಬಲ್ ಡ್ಯೂಟಿಯಿಂದ, ಕೊಡದ ರಜೆಯಿಂದ, ಮತ್ತೆ ಆ ಮದುವೆಯಂಥ ಅದಲುಬದಲುಗಳಿಂದ. ಪ್ರತಿ ಡ್ಯೂಟಿಯ ಕೊನೆಗೆ ಓವರ್ ಕೊಡಲು ಹಿಡಿಯುವ ಅರ್ಧ ಗಂಟೆ ಯಾರ ಲೆಕ್ಕದಲ್ಲೂ ಇಲ್ಲ. ತಿಂಗಳಿಗೆ ಒಬ್ಬರದ್ದೇ 12 ಗಂಟೆ ಆಗುತ್ತದೆ. ಅದನ್ನು ಇನ್ನೂ ಸರಿಮಾಡಲು ನಮಗೆ ಆಗಿಲ್ಲ.

ಇದೇ ಲೆಕ್ಕವನ್ನು ಎ ದರ್ಜೆಯವರಿಗೆ ಮಾತ್ರ ಹಾಕಿದಾಗ ಎದೆ ಧಸಕ್ಕೆಂದಿತು. ಪ್ರತಿ ಶಿಫ್ಟ್‌ಗೆ ಕನಿಷ್ಠ ಇಬ್ಬರು ಎ ಬೇಕು. ಒಬ್ಬರು ಒಂದು ಬೆಡ್‌ನಲ್ಲಿ ಸಿಕ್ಕಿಕೊಂಡರೆ ಇನ್ನೊಬ್ಬರು ಉಳಿದ ಒಂಬತ್ತು ಬೆಡ್ ನೋಡಬೇಕಲ್ವಾ? ದಿನಕ್ಕೆ 48 ಗಂಟೆ, 28 ದಿನಕ್ಕೆ 1,344 ಗಂಟೆ, ಅದನ್ನು 192ರಿಂದ ಭಾಗಿಸಿದರೆ ಏಳು ಜನ. ನಮ್ಮಲ್ಲಿದ್ದ ಎ ಸಿಸ್ಟರ್‌ಗಳು ಏಳೇ ಜನ. ಒಬ್ಬರಿಗೆ ಜ್ವರ ಬಂದರೂ ಯಾವುದೋ ಒಂದು ಶಿಫ್ಟ್ ಒಬ್ಬರೇ ಎ ಮೇಲೆ ನಡೆಯಬೇಕಿತ್ತು. ಅಂದರೆ ಆ ರಾತ್ರಿ ಆಕಸ್ಮಿಕವಾಗಿರಲಿಲ್ಲ. ಹಿಂದಿನ ಮೂರು ತಿಂಗಳ ಹಾಳೆಗಳನ್ನು ತೆಗೆದು, ಬರೆದದ್ದನ್ನು ಬಿಟ್ಟು ನಿಜವಾಗಿ ಬಂದವರ ಹೆಸರನ್ನು ಹಾಜರಿ ಪುಸ್ತಕದಿಂದ ಗುರುತು ಮಾಡಿದೆ. ಒಬ್ಬರೇ ಎ ಇದ್ದ ನೈಟ್‌ಗಳು ವಾರಕ್ಕೊಂದಾದರೂ ಸಿಗುತ್ತಿದ್ದವು. ಉಳಿದ ರಾತ್ರಿಗಳಲ್ಲಿ ಏನೂ ಆಗಲಿಲ್ಲ, ಹಾಗಾಗಿ ನಮಗೆ ಕಾಣಲಿಲ್ಲ.

ಯಾವುದೇ ಐಸಿಯುನಲ್ಲಿ ಮೊದಲು ಮಾಡಬೇಕಾದ ಲೆಕ್ಕ ಇದು ಎಂದು ನನಗೀಗ ಗಟ್ಟಿಯಾಗಿ ಅನ್ನಿಸುತ್ತದೆ. ಒಟ್ಟು ಜನರ ಲೆಕ್ಕ ಆಮೇಲೆ.

ಮಲಗುವ ದಿನ ಯಾರ ಖಾತೆಗೆ

ನೈಟ್ ವಿಷಯಕ್ಕೆ ಬರುತ್ತೇನೆ. ತಿಂಗಳಿಗೆ ಒಬ್ಬರಿಗೆ ಎಂಟು ನೈಟ್ ಬರುತ್ತದೆ. ನಾವು ಎಂಟನ್ನೂ ಒಂದೇ ಸಲ ಹಾಕುತ್ತಿದ್ದೆವು. ಅದು ಬದಲಾಗಬೇಕು ಎಂದು ನಾನು ಮೀಟಿಂಗ್‌ನಲ್ಲಿ ಹೇಳಿದಾಗ ಅತಿ ಜಾಸ್ತಿ ವಿರೋಧ ಬಂದದ್ದು ನೈಟ್ ಮಾಡುವವರಿಂದಲೇ.

"ಸಿಸ್ಟರ್, ಒಂದೇ ಸಲ ಮುಗಿಸಿದ್ರೆ ಮೂರು ದಿನ ಊರಿಗೆ ಹೋಗಿ ಬರಬಹುದು. ತುಂಡು ಮಾಡಿದ್ರೆ ಹಾಸ್ಟೆಲ್‌ನಲ್ಲಿ ನಿದ್ದೆ ಮಾಡೋದಷ್ಟೇ ಆಗುತ್ತೆ" ಎಂದಳು ಒಬ್ಬಳು. ಅವಳ ಊರು ಕಣ್ಣೂರಿನ ಹತ್ತಿರ.

ಅವಳು ಹೇಳಿದ್ದು ಸರಿಯೇ ಇತ್ತು. 28 ದಿನದಲ್ಲಿ ಎಂಟು ನೈಟ್, 16 ಹಗಲು ಡ್ಯೂಟಿ ಹೋದರೆ ಉಳಿಯುವುದು ನಾಲ್ಕು ದಿನ. ಕೊನೆಯ ನೈಟ್ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಹೊರಬಂದ ದಿನವನ್ನೂ ನಾವು ಆ ನಾಲ್ಕರಲ್ಲೇ ಎಣಿಸುತ್ತಿದ್ದೆವು. ಎಂಟನ್ನೂ ಒಟ್ಟಿಗೆ ಮಾಡಿದರೆ ಅಂಥ ಮಲಗುವ ದಿನ ಒಂದೇ, ನಿಜವಾದ ಆಫ್ ಮೂರು. ನಾಲ್ಕು ನಾಲ್ಕಾಗಿ ಒಡೆದರೆ ಮಲಗುವ ದಿನ ಎರಡು, ಆಫ್ ಎರಡು. ಮೂರು ತುಂಡು ಮಾಡಿದರೆ ಆಫ್ ಉಳಿಯುವುದು ಒಂದೇ ಒಂದು. ಏಳನೇ ನೈಟ್‌ನ ಬೆಳಗಿನ ಜಾವ ಮೈ ಹೇಗಿರುತ್ತದೆ ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಅವರು ಉದ್ದ ನೈಟ್ ಕೇಳುತ್ತಿದ್ದರು, ಯಾಕೆಂದರೆ ನೈಟ್ ತುಂಡು ಮಾಡಿದಷ್ಟೂ ಅವರ ಆಫ್ ಕರಗುತ್ತಿತ್ತು.

ಹಾಗಾಗಿ ಮೊದಲು ಮಲಗುವ ದಿನವನ್ನು ಆಫ್‌ನಿಂದ ಹೊರಗೆ ತೆಗೆಯಬೇಕಿತ್ತು. ತಿಂಗಳಿಗೆ ಎರಡು ಮಲಗುವ ದಿನ, ಅದರ ಮೇಲೆ ನಾಲ್ಕು ಆಫ್. ಅಂದರೆ 22 ಡ್ಯೂಟಿ, 180 ಗಂಟೆ, ವಾರಕ್ಕೆ 45. 5,376ನ್ನು 180ರಿಂದ ಭಾಗಿಸಿದರೆ 30 ಜನ. ರಜೆಯ ಪಾಲು ಸೇರಿಸಿದರೆ 35ರ ಹತ್ತಿರ.

ಈ ಲೆಕ್ಕಗಳ ಹಾಳೆಗಳನ್ನು ಹಿಡಿದು ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ತಿರ ಹೋದೆ. ಸುಮ್ನೆ "ಜನ ಕಮ್ಮಿ" ಎಂದು ಹತ್ತು ಸಲ ಹೇಳಿದ್ದಕ್ಕಿಂತ ಆ ಹಾಳೆಗಳೇ ಕೆಲಸ ಮಾಡಿದವು. 35 ಸಿಗಲಿಲ್ಲ. ಮೂವರು ಹೊಸಬರನ್ನು ಕೊಟ್ಟರು. ಹೆರಿಗೆ ರಜೆಯ ಇಬ್ಬರು ಎರಡು ತಿಂಗಳಲ್ಲಿ ವಾಪಸ್ ಬಂದರು, ಅವರಲ್ಲಿ ಒಬ್ಬರು ಎ, ಒಬ್ಬರು ಬಿ. ಒಟ್ಟು 33.

ಹೊಸಬರು ಮೂವರೂ ಸಿ. ಅವರಿಂದ ತಲೆ ಎಣಿಕೆ ಏರಿತೇ ಹೊರತು ಎ ಕೊರತೆ ನೀಗಲಿಲ್ಲ. ಅದಕ್ಕೆ ಬಿ ದರ್ಜೆಯಲ್ಲಿ ಹಳಬರಾದ ಇಬ್ಬರನ್ನು ಆರಿಸಿ ಮೂರು ತಿಂಗಳು ಒಬ್ಬೊಬ್ಬ ಎ ಸಿಸ್ಟರ್ ಜೊತೆ ಜೋಡಿ ಮಾಡಿದೆವು. ಬಿಪಿ ಬೀಳದಂತೆ ನಾರ್‌ಅಡ್ರಿನಲಿನ್ ಬದಲಿಸುವುದು, ವೆಂಟಿಲೇಟರ್ ಅಲಾರಂ ಬಂದಾಗ ಕಾರಣ ಹುಡುಕುವುದು, ಟ್ಯೂಬ್ ಹಾಕಲು ಎಲ್ಲ ಸಿದ್ಧಮಾಡುವುದು, ಇಡೀ ಯೂನಿಟ್‌ನ ಓವರ್ ಕೊಡುವುದು. ಪ್ರತಿಯೊಂದನ್ನೂ ಎದುರಿಗೇ ಮಾಡಿ ತೋರಿಸಿದ ಮೇಲೆ ಜೋಡಿ ಸಿಸ್ಟರ್ ಮತ್ತು ಐಸಿಯು ಡಾಕ್ಟರ್ ಇಬ್ಬರೂ ಸಹಿ ಹಾಕಬೇಕು. ಎಷ್ಟು ವರ್ಷ ಆಯಿತು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಹಾಗೆಯೇ ಸಿ ದರ್ಜೆಯ ನಾಲ್ವರು ಬಿ ಆದರು. ಆರು ತಿಂಗಳ ಕೊನೆಗೆ ನಮ್ಮಲ್ಲಿ 10 ಎ, 15 ಬಿ, 8 ಸಿ ಇದ್ದರು.

ಹದಿನಾಲ್ಕು ಮೆಟ್ಟಿಲು

ಹೊಸ ರೋಸ್ಟರ್‌ಗೆ ನಾವು ಹದಿನಾಲ್ಕು ದಿನದ ಒಂದು ಸಾಲು ಮಾಡಿಕೊಂಡೆವು. ಮಾರ್ನಿಂಗ್ M, ಈವ್ನಿಂಗ್ E, ನೈಟ್ N, ಮಲಗುವ ದಿನ S, ಆಫ್ O.

```
M M M E E E E O N N N N S O
```

ಮೂರು ಬೆಳಿಗ್ಗೆ, ನಾಲ್ಕು ಸಂಜೆ, ಆಮೇಲೆ ಒಂದು ಆಫ್. ಡ್ಯೂಟಿ ಯಾವಾಗಲೂ ಮುಂದಕ್ಕೇ ಜಾರುತ್ತದೆ, ಹಿಂದಕ್ಕೆ ಬರುವುದಿಲ್ಲ. ನೈಟ್ ಶುರುವಾಗುವ ಮುಂಚಿನ ದಿನ ಆಫ್ ಇರುವುದರಿಂದ ಮೊದಲ ನೈಟ್‌ಗೆ ನಿದ್ದೆ ಮಾಡಿಕೊಂಡು ಬರಬಹುದು. ನಾಲ್ಕು ನೈಟ್ ಮುಗಿದ ಮೇಲೆ ಮಲಗುವ ದಿನ, ಅದರ ಮೇಲೊಂದು ನಿಜವಾದ ಆಫ್. ಊರು ದೂರ ಇರುವವರು ಆ ಆಫ್‌ಗೆ ಎರಡು ದಿನ ರಜೆ ಸೇರಿಸಿಕೊಳ್ಳುತ್ತಾರೆ.

ಈ ಸಾಲನ್ನು ಹದಿನಾಲ್ಕು ಮೆಟ್ಟಿಲು ಎಂದುಕೊಳ್ಳಿ. ಪ್ರತಿ ಮೆಟ್ಟಿಲಿನ ಮೇಲೆ ಇಬ್ಬರನ್ನು ನಿಲ್ಲಿಸಿ. ದಿನಕ್ಕೆ ಎಲ್ಲರೂ ಒಂದೊಂದು ಮೆಟ್ಟಿಲು ಮುಂದೆ ಹೋಗುತ್ತಾರೆ. ಆಗ ಯಾವ ದಿನ ನೋಡಿದರೂ ನೈಟ್‌ನ ನಾಲ್ಕು ಮೆಟ್ಟಿಲ ಮೇಲೆ ಎಂಟು ಜನ, ಸಂಜೆಯ ನಾಲ್ಕರ ಮೇಲೆ ಎಂಟು ಜನ, ಬೆಳಿಗ್ಗೆಯ ಮೂರರ ಮೇಲೆ ಆರು ಜನ ಇರುತ್ತಾರೆ. ಬೆಳಿಗ್ಗೆಗೆ ಮಾತ್ರ ಇಬ್ಬರು ಕಡಿಮೆ.

ಇಡೀ ರೋಸ್ಟರ್‌ನ ಜೀವ ಇರುವುದು ಯಾರನ್ನು ಯಾವ ಮೆಟ್ಟಿಲಿನಲ್ಲಿ ನಿಲ್ಲಿಸುತ್ತೇವೆ ಎಂಬುದರಲ್ಲಿ. ಒಂದು ಮೆಟ್ಟಿಲಿಗೆ ಎ ಮತ್ತು ಬಿ ಜೋಡಿ, ಮುಂದಿನದಕ್ಕೆ ಬಿ ಮತ್ತು ಸಿ ಜೋಡಿ, ಮತ್ತೆ ಎ ಮತ್ತು ಬಿ. ಹೀಗೆ ಒಂದು ಬಿಟ್ಟು ಒಂದು. ಆಗ ಅಕ್ಕಪಕ್ಕದ ಯಾವ ನಾಲ್ಕು ಮೆಟ್ಟಿಲು ತೆಗೆದುಕೊಂಡರೂ ಇಬ್ಬರು ಎ, ನಾಲ್ವರು ಬಿ, ಇಬ್ಬರು ಸಿ ಸಿಗುತ್ತಾರೆ. ಹಾಗಾಗಿ ವರ್ಷದ ಯಾವ ರಾತ್ರಿಗೂ ಇದೇ ಮಿಶ್ರಣ ತಾನಾಗಿಯೇ ಬರುತ್ತದೆ. ಪ್ರತಿ ತಿಂಗಳು ನಾನು ತಲೆ ಕೆಡಿಸಿಕೊಂಡು ಹೊಂದಿಸುವ ಕೆಲಸ ಇಲ್ಲ. ಮೆಟ್ಟಿಲ ಮೇಲೆ 7 ಎ, 14 ಬಿ, 7 ಸಿ, ಒಟ್ಟು 28. ಹೊರಗೆ ಉಳಿದವರು ಐವರು: ಮೂವರು ಎ, ಒಬ್ಬ ಬಿ, ಒಬ್ಬ ಸಿ. ಇವರು ರಿಲೀವರ್‌ಗಳು. ಬೆಳಿಗ್ಗೆಯ ಎರಡು ಜಾಗ ತುಂಬುವುದು ಇವರೇ, ರಜೆಗೆ ಹೋದವರ ಮೆಟ್ಟಿಲಿನಲ್ಲಿ ನಿಲ್ಲುವುದೂ ಇವರೇ. ಮೂರು ಮೆಟ್ಟಿಲ ಬೆಳಿಗ್ಗೆಯಲ್ಲಿ ಕೆಲವು ದಿನ ಒಬ್ಬರೇ ಎ ಬರುತ್ತಾರೆ. ಆ ದಿನ ಇನ್ನೊಬ್ಬ ಎ ರಿಲೀವರ್‌ಗಳಿಂದ ಬರುತ್ತಾರೆ. ಬೆಳಿಗ್ಗೆ ನಾನೂ ಅಲ್ಲೇ ಇರುತ್ತೇನೆ.

ಇದರಲ್ಲಿ ಒಂದು ಅನ್ಯಾಯ ಇದೆ, ಮುಚ್ಚಿಡುವುದಿಲ್ಲ. ರಿಲೀವರ್‌ಗೆ ನೈಟ್ ಕಡಿಮೆ ಬೀಳುತ್ತದೆ. ಎಂಟು ವಾರಕ್ಕೊಮ್ಮೆ ಆ ಸ್ಥಾನ ಬದಲಾಗುತ್ತದೆ. ಆದರೆ ಹತ್ತು ಎ ಗಳಲ್ಲಿ ಮೂವರು ರಿಲೀವರ್, ಹದಿನೈದು ಬಿ ಗಳಲ್ಲಿ ಒಬ್ಬರೇ. ಬಿ ಯವರಿಗೆ ಸರದಿ ಬರುವುದು ತಡ. ಅವರು ಕೇಳಿದಾಗ ಈ ಅಂಕಿಯನ್ನೇ ತೋರಿಸಿದೆ. ಇನ್ನೊಂದು ಕಡೆ ರಿಲೀವರ್‌ಗೆ ತನ್ನ ಮುಂದಿನ ವಾರ ಪೂರ್ತಿ ಗೊತ್ತಿರುವುದಿಲ್ಲ. ಅದೂ ಸಣ್ಣ ಕಷ್ಟವಲ್ಲ.

ರಜೆ ಪುಸ್ತಕ ಮತ್ತು ಎರಡು ಸೂತ್ರ

ರಜೆಗೆ ಒಂದು ಉದ್ದ ರಿಜಿಸ್ಟರ್ ಇದೆ. ಕೇಳುವವರು ಪೆನ್ಸಿಲ್‌ನಲ್ಲಿ ಬರೆಯುತ್ತಾರೆ, ಒಪ್ಪಿದ್ದನ್ನು ನಾನು ಪೆನ್‌ನಲ್ಲಿ ತಿದ್ದುತ್ತೇನೆ. ಯಾವುದೇ ಒಂದು ದಿನಕ್ಕೆ ಮುಂಚಿತವಾಗಿ ಒಪ್ಪುವ ರಜೆ ಇಬ್ಬರಿಗೆ, ಅದರಲ್ಲಿ ಎ ಒಬ್ಬರೇ. ರಿಲೀವರ್‌ಗಳಲ್ಲಿ ಒಬ್ಬರ ಜಾಗವನ್ನು ಯಾರಿಗೂ ಮಾತು ಕೊಡದೆ ಬಿಡುತ್ತೇವೆ. ಅದು ಜ್ವರಕ್ಕೆ, ಸಾವಿಗೆ, ಮಗುವಿನ ಆಸ್ಪತ್ರೆಗೆ. ಮೊದಲೆಲ್ಲ ಆ ಜಾಗವೂ ಹಬ್ಬದ ರಜೆಗೇ ಹೋಗಿಬಿಡುತ್ತಿತ್ತು. ಆಮೇಲೆ ಒಬ್ಬರು ಹುಷಾರು ತಪ್ಪಿದರೆ ಊರಿಗೆ ಹೊರಟು ನಿಂತವರನ್ನು ಬಸ್ ಸ್ಟ್ಯಾಂಡ್‌ನಿಂದ ವಾಪಸ್ ಕರೆಸಿದ್ದೂ ಇದೆ. ಓಣಂ, ಕ್ರಿಸ್‌ಮಸ್, ದೀಪಾವಳಿ, ರಂಜಾನ್‌ಗೆ ಕೇಳುವವರು ಜಾಸ್ತಿ. ಕಳೆದ ವರ್ಷ ಸಿಕ್ಕವರು ಕೊನೆಗೆ, ಉಳಿದವರಲ್ಲಿ ಚೀಟಿ ಎತ್ತುತ್ತೇವೆ. ಚೀಟಿ ಎತ್ತುವುದು ಎರಡು ತಿಂಗಳು ಮೊದಲು, ಇಲ್ಲದಿದ್ದರೆ ರೈಲು ಟಿಕೆಟ್ ಸಿಗುವುದಿಲ್ಲ.

ಅದಲುಬದಲು ಈಗಲೂ ಇದೆ, ನಿಲ್ಲಿಸಲಾಗದು. ಆದರೆ ಎ ಜೊತೆ ಎ, ಬಿ ಜೊತೆ ಬಿ, ಸಿ ಜೊತೆ ಸಿ ಮಾತ್ರ. ಒಪ್ಪುವ ಮುಂಚೆ ಕಂಪ್ಯೂಟರ್‌ನ ಹಾಳೆಯಲ್ಲಿ ಹಾಕಿ ನೋಡುತ್ತೇನೆ. B ಕಾಲಂನಲ್ಲಿ ದರ್ಜೆ, ಮುಂದಿನ ಒಂದೊಂದು ಕಾಲಂ ಒಂದೊಂದು ದಿನ, 33 ಜನ. ಮೊದಲ ಸೂತ್ರ ಆ ರಾತ್ರಿ ಎಷ್ಟು ಎ ಇದ್ದಾರೆ ಎಂದು ಹೇಳುತ್ತದೆ.

```
=COUNTIFS($B$2:$B$34,"A",F$2:F$34,"N")
```

ಎರಡಕ್ಕಿಂತ ಕಡಿಮೆ ಬಂದರೆ ಆ ಚೌಕ ಕೆಂಪಾಗುತ್ತದೆ. ಎರಡನೆಯದು, ನೈಟ್ ಮಾಡಿದ ಮಾರನೇ ದಿನ ನೈಟೂ ಅಲ್ಲದೆ, ಮಲಗುವ ದಿನವೂ ಅಲ್ಲದೆ ಬೇರೇನಾದರೂ ಬಿದ್ದವರನ್ನು ಎಣಿಸುತ್ತದೆ. ಉತ್ತರ ಯಾವಾಗಲೂ ಸೊನ್ನೆ ಇರಬೇಕು.

```
=SUMPRODUCT((F$2:F$34="N")*(G$2:G$34<>"N")*(G$2:G$34<>"S"))
```

ಬೆಳಿಗ್ಗೆ ಎಂಟಕ್ಕೆ ನೈಟ್ ಬಿಟ್ಟವರನ್ನು ಮಧ್ಯಾಹ್ನ ಎರಡಕ್ಕೆ ಮತ್ತೆ ಕರೆಯುವ ಅಭ್ಯಾಸ ನಿಂತಿದ್ದು ಈ ಸೂತ್ರದಿಂದ. ಅದು ಮೊದಲು ಎಷ್ಟು ಸಲ ಆಗುತ್ತಿತ್ತು ಎಂದು ಹಳೆಯ ಹಾಳೆಯನ್ನು ಇದರಲ್ಲಿ ಹಾಕಿ ನೋಡಿದಾಗಲೇ ಗೊತ್ತಾಗಿದ್ದು.

ಈಗ

ಹೊಸ ರೋಸ್ಟರ್ ಸರಿಯಿದೆಯೇ ಎಂದು ತಿಳಿಯಲು ನಾನು ಹೆಚ್ಚೇನೂ ನೋಡುವುದಿಲ್ಲ. ತಿಂಗಳ ಕೊನೆಗೆ ಹಾಜರಿ ಪುಸ್ತಕದಿಂದ ಒಬ್ಬರೇ ಎ ಇದ್ದ ಶಿಫ್ಟ್‌ಗಳನ್ನು ಎಣಿಸುತ್ತೇನೆ. ಆಮೇಲೆ ದಿಢೀರ್ ಕಾಯಿಲೆ ರಜೆಗಳು ಯಾವ ಡ್ಯೂಟಿಯ ಮೇಲೆ ಬಿದ್ದಿವೆ ಎಂದು ಗುರುತು ಮಾಡುತ್ತೇನೆ. ಮೊದಲು ಅವು ಐದನೇ, ಆರನೇ ನೈಟ್‌ನ ಸುತ್ತ ಗುಂಪಾಗಿರುತ್ತಿದ್ದವು. ಈಗ ಅಲ್ಲಲ್ಲಿ ಚದುರಿವೆ. ಆದರೂ ನಾಲ್ಕನೇ ನೈಟ್ ಭಾರವೇ. ಅದನ್ನು ಮೂರಕ್ಕೆ ಇಳಿಸಬೇಕೆಂದರೆ ಇನ್ನೊಂದು ಮಲಗುವ ದಿನ ಬೇಕು, ಅದಕ್ಕೆ ಜನ ಬೇಕು.

ದೊಡ್ಡ ಅಪಾಯ ಬೇರೆ ಕಡೆ ಇದೆ. ಗಲ್ಫ್‌ಗೆ, ಇಂಗ್ಲೆಂಡ್‌ಗೆ ಹೋಗುವವರು ಎ ದರ್ಜೆಯವರೇ. ಅಲ್ಲಿಯವರು ಕೇಳುವ ಅನುಭವ ಇವರ ಹತ್ತಿರವೇ ಇರುವುದು. ಹೋಗುವವರನ್ನು ತಡೆಯುವ ಮನಸ್ಸೂ ನನಗಿಲ್ಲ, ಅವರ ಮನೆಯ ಕಷ್ಟ ಗೊತ್ತು. ಕಳೆದ ತಿಂಗಳು ಒಬ್ಬರು ನೋಟಿಸ್ ಕೊಟ್ಟರು. ರಿಲೀವರ್ ಎ ಗಳು ಮೂವರಿಂದ ಇಬ್ಬರಾಗುತ್ತಾರೆ. ಬಿ ದರ್ಜೆಯ ಇನ್ನಿಬ್ಬರ ಸಹಿ ಹಾಳೆ ಅರ್ಧ ತುಂಬಿದೆ. ಅದು ತುಂಬುವವರೆಗೆ ಎ ಯವರ ರಜೆಗಳನ್ನು ಪೆನ್ಸಿಲ್‌ನಲ್ಲೇ ಬಿಟ್ಟಿದ್ದೇನೆ, ಯಾಕೆ ಎಂದು ಒಬ್ಬೊಬ್ಬರನ್ನೇ ಕೂರಿಸಿ ಹೇಳಿದ್ದೇನೆ.

ಅಂದು ಅಳುತ್ತಿದ್ದ ಹುಡುಗಿ ಈಗ ಬಿ. ಮೊನ್ನೆ ಬೆಳಿಗ್ಗೆ ನಾನು ಬೇಗ ಬಂದಾಗ ಅವಳು ಎರಡನೇ ಬೆಡ್ ಪಕ್ಕ ನಿಂತಿದ್ದಳು. ಎರಡು ಪಂಪ್ ಅಕ್ಕಪಕ್ಕ ಓಡುತ್ತಿದ್ದವು. ಹೊಸದಾಗಿ ಸೇರಿದವಳೊಬ್ಬಳಿಗೆ ಮಾನಿಟರ್ ತೋರಿಸಿ, "ಹಳೇದನ್ನ ಈಗಲೇ ಮುಟ್ಟಬೇಡ, ಬಿಪಿ ಏರೋದು ಕಾಣಲಿ" ಎನ್ನುತ್ತಿದ್ದಳು.